ವಿದೇಶ ಪ್ರವಾಸದಲ್ಲಿ ನಿತ್ಯದ ಔಷಧಗಳು: ಚೀಟಿ, ಅನುಮತಿ ಮತ್ತು ಸುಂಕದ ಕಟ್ಟೆ

ವಿದೇಶದ ವ್ಯಾಪಾರ ಮೇಳಕ್ಕೆ ಹೊರಡುವ ಉದ್ಯಮಿಯು ತಮ್ಮ ಸರಕಿನ ಮಾದರಿಗಳಿಗೆ ಬೇಕಾದ ಕಾಗದಪತ್ರಗಳನ್ನೆಲ್ಲ ತಿಂಗಳ ಮೊದಲೇ ಜೋಡಿಸಿಕೊಳ್ಳುತ್ತಾರೆ. ಇನ್‌ವಾಯ್ಸ್, ಪ್ರಯೋಗಾಲಯದ ವರದಿ, ತೂಕದ ವಿವರ ಯಾವುದೂ ತಪ್ಪುವುದಿಲ್ಲ. ಆದರೆ ಅದೇ ಉದ್ಯಮಿ ತಾವು ದಿನವೂ ಸೇವಿಸುವ ಮಾತ್ರೆಗಳನ್ನು ಹೊರಡುವ ಹಿಂದಿನ ರಾತ್ರಿ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಸುರಿದು ಸೂಟ್‌ಕೇಸಿನ ಮೂಲೆಗೆ ಸೇರಿಸಿಬಿಡುತ್ತಾರೆ. ಮಾತ್ರೆಯೂ ಗಡಿ ದಾಟುವ ಒಂದು ಸರಕು, ಅದಕ್ಕೂ ತನ್ನದೇ ಆದ ಕಾಗದಪತ್ರ ಬೇಕು ಎಂಬ ಸಂಗತಿ ಬಹುಮಂದಿಗೆ ಹೊಳೆಯುವುದೇ ಇಲ್ಲ.

ಈ ಅಲಕ್ಷ್ಯದಿಂದ ಹೆಚ್ಚಿನ ವೇಳೆ ತೊಂದರೆಯಾಗುವುದಿಲ್ಲ. ತೊಂದರೆಯಾದಾಗ ಮಾತ್ರ ಅದು ಸಣ್ಣದಾಗಿರುವುದಿಲ್ಲ. ಊರಿನ ಔಷಧದಂಗಡಿಯಲ್ಲಿ ದಿನನಿತ್ಯ ದೊರೆಯುವ ಕೆಲವು ಮಾತ್ರೆಗಳು ಬೇರೆ ದೇಶಗಳಲ್ಲಿ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿವೆ. ಪೂರ್ವಾನುಮತಿಯಿಲ್ಲದೆ ಅವನ್ನು ಒಯ್ದವರು ಮಾದಕವಸ್ತು ಕಾನೂನಿನಡಿ ವಿಚಾರಣೆಗೆ ಒಳಗಾಗಬೇಕಾಗುತ್ತದೆ. ಕರ್ನಾಟಕದ ವ್ಯಾಪಾರಿಗಳು ಹೆಚ್ಚಾಗಿ ಹೋಗುವ ಹಾಗೂ ಹಾದುಹೋಗುವ ಸಂಯುಕ್ತ ಅರಬ್ ಸಂಸ್ಥಾನವು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ದೇಶಗಳಲ್ಲೊಂದು. ಆದುದರಿಂದ ಆ ಮಾರ್ಗದ ಒಂದು ಪ್ರವಾಸವನ್ನೇ ಇಲ್ಲಿ ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಲಾಗಿದೆ.

ಒಂದು ಪ್ರವಾಸ, ಆರು ಔಷಧಗಳು

ಬ್ಯಾಡಗಿಯಲ್ಲಿ ಮೆಣಸಿನಪುಡಿ ತಯಾರಿಸುವ ಐವತ್ತೇಳು ವರ್ಷದ ಉದ್ಯಮಿಯೊಬ್ಬರ ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವರ್ಷದ ಆರಂಭದಲ್ಲಿ ದುಬೈನಲ್ಲಿ ನಡೆಯುವ ಗಲ್ಫುಡ್ ಆಹಾರ ಮೇಳದಲ್ಲಿ ಅವರು ಭಾಗವಹಿಸಬೇಕಾಗಿದೆ. ಅಲ್ಲಿಂದ ನ್ಯೂಯಾರ್ಕಿಗೆ ತೆರಳಿ ನ್ಯೂಜೆರ್ಸಿಯ ಖರೀದಿದಾರರನ್ನು ಕಂಡು, ಮರಳಿ ದುಬೈ ಮಾರ್ಗವಾಗಿಯೇ ಬೆಂಗಳೂರಿಗೆ ಬರಬೇಕು. ಒಟ್ಟು ಪ್ರವಾಸ 23 ದಿನಗಳದ್ದು.

ಹದಿನೈದು ವರ್ಷಗಳಿಂದ ಮಧುಮೇಹವಿರುವ ಈ ಉದ್ಯಮಿಯ ಡಬ್ಬಿಯಲ್ಲಿ ಆರು ಬಗೆಯ ಔಷಧಗಳಿವೆ. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮೆಟ್‌ಫಾರ್ಮಿನ್ ಮಾತ್ರೆ ಮತ್ತು ರಾತ್ರಿ 20 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್. ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು ಟೆಲ್ಮಿಸಾರ್ಟನ್. ಅಂಗಾಲಿನ ಉರಿ ಮತ್ತು ಜೋಮಿಗೆಂದು ರಾತ್ರಿ ಒಂದು ಕ್ಯಾಪ್ಸೂಲ್. ಇದನ್ನು ಅವರು 'ನರದ ವಿಟಮಿನ್' ಎಂದು ಕರೆಯುತ್ತಾರೆ. ಸೊಂಟ ಹಿಡಿದಾಗ ಮಾತ್ರ ನುಂಗುವ ಒಂದು ನೋವಿನ ಮಾತ್ರೆ. ಕೊನೆಯದಾಗಿ, ವಿಮಾನದಲ್ಲಿ ನಿದ್ದೆ ಬರಲೆಂದು ಪತ್ನಿಯ ಔಷಧಗಳಿಂದ ಕತ್ತರಿಸಿಕೊಂಡ ನಾಲ್ಕು ಆಲ್‌ಪ್ರಜೋಲಾಮ್ ಮಾತ್ರೆಗಳು.

ಇವರ ದೃಷ್ಟಿಯಲ್ಲಿ ಇವೆಲ್ಲವೂ ಒಂದೇ ತೆರನಾದ 'ಮಾತ್ರೆಗಳು'. ಸುಂಕಾಧಿಕಾರಿಯ ದೃಷ್ಟಿಯಲ್ಲಿ ಮೊದಲ ಮೂರು ಸಾಮಾನ್ಯ ಔಷಧಗಳು. ಉಳಿದ ಮೂರೂ ನಿಯಂತ್ರಿತ ಔಷಧಗಳು.

ಬ್ರ್ಯಾಂಡ್ ಹೆಸರಿನ ಹಿಂದೆ ಇರುವುದೇನು?

'ನರದ ವಿಟಮಿನ್' ಎಂದು ಕರೆಸಿಕೊಳ್ಳುವ ಕ್ಯಾಪ್ಸೂಲನ್ನೇ ಮೊದಲು ನೋಡಬೇಕು. ಸ್ಟ್ರಿಪ್ಪಿನ ಮುಂಭಾಗದಲ್ಲಿ ಎದ್ದು ಕಾಣುವುದು ಬ್ರ್ಯಾಂಡ್ ಹೆಸರು. ಸಣ್ಣ ಅಕ್ಷರಗಳಲ್ಲಿರುವ ಘಟಕಗಳ ವಿವರವನ್ನು ಓದಿದರೆ, ಮೀಥೈಲ್‌ಕೊಬಾಲಮಿನ್ ಎಂಬ ಬಿ12 ವಿಟಮಿನ್ನಿನ ಜೊತೆಗೆ 75 ಮಿಲಿಗ್ರಾಂ ಪ್ರೀಗ್ಯಾಬಲಿನ್ ಇರುವುದು ಕಾಣುತ್ತದೆ. ಮಧುಮೇಹಿಗಳ ನರನೋವಿಗೆ ಭಾರತದ ವೈದ್ಯರು ಈ ಜೋಡಿಯನ್ನು ಧಾರಾಳವಾಗಿ ಬರೆಯುತ್ತಾರೆ. ಪ್ರೀಗ್ಯಾಬಲಿನ್ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಯಂತ್ರಿತ ಔಷಧ. ಅಮೆರಿಕದಲ್ಲಿಯೂ ಅದು ನಿಯಂತ್ರಿತ ವಸ್ತುಗಳ ಐದನೆಯ ಅನುಸೂಚಿಗೆ ಸೇರಿದೆ.

ಸೊಂಟನೋವಿನ ಮಾತ್ರೆಯ ಕಥೆಯೂ ಇದೇ. ಪ್ಯಾರಾಸಿಟಮಾಲ್ ಎಂದು ರೋಗಿ ತಿಳಿದಿರುವ ಆ ಮಾತ್ರೆಯಲ್ಲಿ ಟ್ರಮಡಾಲ್ ಎಂಬ ಇನ್ನೊಂದು ಘಟಕವೂ ಇದೆ. ಭಾರತ ಸರ್ಕಾರವೇ 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ತಂದಿತು. ಗಲ್ಫ್ ದೇಶಗಳಲ್ಲಿ ಪ್ರಯಾಣಿಕರನ್ನು ತೊಂದರೆಗೆ ಸಿಲುಕಿಸುವ ಔಷಧಗಳಲ್ಲಿ ಇದೂ ಒಂದು. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು ಮತ್ತು ನೋವಿನ ಮಾತ್ರೆಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಭಾರತದ ಸ್ಟ್ರಿಪ್ಪುಗಳ ಮೇಲೆ ಒಂದು ಸಹಾಯಕ ಗುರುತು ಇರುತ್ತದೆ. ಮಾದಕವಸ್ತು ಕಾಯ್ದೆಗೆ ಒಳಪಟ್ಟ ಔಷಧಗಳ ಲೇಬಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ 'ಎನ್‌ಆರ್‌ಎಕ್ಸ್' ಎಂದು ಮುದ್ರಿಸಬೇಕೆಂಬ ನಿಯಮವಿದೆ. ಆಲ್‌ಪ್ರಜೋಲಾಮ್, ಟ್ರಮಡಾಲ್ ಮುಂತಾದವುಗಳ ಮೇಲೆ ಈ ಗುರುತನ್ನು ಕಾಣಬಹುದು. ಈ ಅಕ್ಷರಗಳಿದ್ದರೆ ಆ ಔಷಧವು ಬಹುಪಾಲು ದೇಶಗಳಲ್ಲಿ ಪ್ರಶ್ನೆಗೆ ಒಳಗಾಗುತ್ತದೆಂದು ತಿಳಿಯಬೇಕು. ಆದರೆ ಈ ಗುರುತು ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಪ್ರೀಗ್ಯಾಬಲಿನ್ ಭಾರತದಲ್ಲಿ ವೈದ್ಯರ ಚೀಟಿಯ ಮೇಲೆ ಮಾರಬೇಕಾದ ಔಷಧವೇ ಹೊರತು ಮಾದಕವಸ್ತು ಕಾಯ್ದೆಯ ಪಟ್ಟಿಯದಲ್ಲ. ಅದರ ಮೇಲೆ ಈ ಕೆಂಪು ಅಕ್ಷರಗಳು ಕಾಣಿಸುವುದಿಲ್ಲ.

ದೇಶದಿಂದ ದೇಶಕ್ಕೆ ನಿಯಮ ಬೇರೆಯಾಗುವುದೇಕೆ?

ಮಾದಕ ಔಷಧಗಳ ಬಗ್ಗೆ 1961ರ ಹಾಗೂ ಮನಸ್ಸಿನ ಮೇಲೆ ಪ್ರಭಾವ ಬೀರುವ ಔಷಧಗಳ ಬಗ್ಗೆ 1971ರ ಅಂತರರಾಷ್ಟ್ರೀಯ ಒಪ್ಪಂದಗಳಿವೆ. ಕೊಡೀನ್ ಮೊದಲನೆಯದರಲ್ಲಿಯೂ, ಆಲ್‌ಪ್ರಜೋಲಾಮ್ ಮತ್ತು ಡಯಾಜೆಪಾಮ್ ಎರಡನೆಯದರಲ್ಲಿಯೂ ಸೇರಿವೆ. ಆದುದರಿಂದ ಇವುಗಳ ಮೇಲೆ ಹೆಚ್ಚುಕಡಿಮೆ ಎಲ್ಲ ದೇಶಗಳೂ ನಿಗಾ ಇಡುತ್ತವೆ.

ಟ್ರಮಡಾಲ್ ಮತ್ತು ಪ್ರೀಗ್ಯಾಬಲಿನ್ ಈ ಎರಡು ಒಪ್ಪಂದಗಳಲ್ಲಿಯೂ ಇಲ್ಲ. ತನ್ನ ನೆಲದಲ್ಲಿ ದುರುಪಯೋಗ ಹೆಚ್ಚಿತೆಂದು ಕಂಡ ದೇಶವು ತಾನೇ ಕಾನೂನು ಮಾಡಿ ಅವನ್ನು ಪಟ್ಟಿಗೆ ಸೇರಿಸುತ್ತದೆ. ಹಾಗಾಗಿ ಒಂದು ದೇಶದಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುತ್ತದೆಂದಾಗಲಿ, ಹೋದ ಸಲ ನಡೆದದ್ದು ಈ ಸಲವೂ ನಡೆಯುತ್ತದೆಂದಾಗಲಿ ಭಾವಿಸಲಾಗದು. ಪಟ್ಟಿಗಳು ಬದಲಾಗುತ್ತಿರುತ್ತವೆ. ಗೆಳೆಯರ ಅನುಭವವನ್ನಾಗಲಿ ಟ್ರಾವೆಲ್ ಏಜೆಂಟರ ಮಾತನ್ನಾಗಲಿ ನೆಚ್ಚದೆ, ಹೋಗುವ ಮತ್ತು ಹಾದುಹೋಗುವ ಪ್ರತಿಯೊಂದು ದೇಶದ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಔಷಧದ ಮೂಲ ಹೆಸರಿನಿಂದ ಹುಡುಕಿ ನೋಡಬೇಕು. ಸಂಯುಕ್ತ ಅರಬ್ ಸಂಸ್ಥಾನದ ವಿಷಯದಲ್ಲಿ u.ae ಎಂಬ ಸರ್ಕಾರಿ ತಾಣದಿಂದ ಆರಂಭಿಸಬಹುದು.

ವೈದ್ಯರ ಬಳಿ ಮಾಡಬೇಕಾದ ತೀರ್ಮಾನ

ಪಟ್ಟಿ ನೋಡಿದ ಮೇಲೆ ಔಷಧಗಳನ್ನು ಮೂರು ಗುಂಪು ಮಾಡಿಕೊಂಡು, ಪ್ರಯಾಣಕ್ಕೆ ಕನಿಷ್ಠ ಆರು ವಾರಗಳ ಮೊದಲು ವೈದ್ಯರನ್ನು ಕಾಣಬೇಕು. ಅಗತ್ಯವೂ ಸಾಮಾನ್ಯವೂ ಆದ ಔಷಧಗಳು ಮೊದಲ ಗುಂಪು. ಇವಕ್ಕೆ ಚೀಟಿ ಮತ್ತು ಪತ್ರ ಸಾಕು. ನಿಯಂತ್ರಿತವಾಗಿದ್ದು, ಇಲ್ಲದೆಯೂ ಪ್ರವಾಸ ಸಾಗುವಂಥವು ಎರಡನೆಯ ಗುಂಪು. ಇವನ್ನು ಮನೆಯಲ್ಲಿಯೇ ಬಿಡಬೇಕು. ನಿಯಂತ್ರಿತವಾಗಿದ್ದೂ ಬಿಡಲಾಗದಂಥವು ಮೂರನೆಯ ಗುಂಪು. ಇವಕ್ಕೆ ಪೂರ್ವಾನುಮತಿ ಪಡೆಯಬೇಕು.

ಉದಾಹರಣೆಯ ಉದ್ಯಮಿಯ ಆಲ್‌ಪ್ರಜೋಲಾಮ್ ಮಾತ್ರೆಗಳು ನಿಸ್ಸಂದೇಹವಾಗಿ ಎರಡನೆಯ ಗುಂಪಿಗೆ ಸೇರಿದವು. ಅವು ಅವರ ಹೆಸರಿನ ಚೀಟಿಯವೇ ಅಲ್ಲ. ಹಾಗಾಗಿ ಅವುಗಳನ್ನು ಸಮರ್ಥಿಸುವ ಯಾವ ಕಾಗದವನ್ನೂ ಅವರು ತೋರಿಸಲಾರರು. ಟ್ರಮಡಾಲ್ ಬೆರೆತ ನೋವಿನ ಮಾತ್ರೆಯನ್ನೂ ಅವರು ತಿಂಗಳಿಗೊಮ್ಮೆ ನುಂಗುವವರಾದ್ದರಿಂದ, ವೈದ್ಯರು ಅದನ್ನು ಬಿಡಿಸಿ ಬರಿಯ ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ಇದೇ ಔಷಧವನ್ನು ದಿನವೂ ಸೇವಿಸುವ ರೋಗಿಯಾಗಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು.

ಪ್ರೀಗ್ಯಾಬಲಿನ್ ಮೂರನೆಯ ಗುಂಪಿನದು. ತಿಂಗಳುಗಟ್ಟಲೆ ಸೇವಿಸುತ್ತಿರುವ ಪ್ರೀಗ್ಯಾಬಲಿನ್ನನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ನಿದ್ರಾಹೀನತೆ, ಬೆವರು, ವಾಕರಿಕೆ, ತಳಮಳ ಕಾಣಿಸಿಕೊಳ್ಳಬಹುದು. ಅಪಸ್ಮಾರವುಳ್ಳವರಿಗೆ ಸೆಳವು ಮರುಕಳಿಸಬಹುದು. ನಿಲ್ಲಿಸುವುದಾದರೆ ವೈದ್ಯರ ನಿಗಾದಲ್ಲಿ, ಒಂದು ವಾರಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ, ಹಂತಹಂತವಾಗಿ ಇಳಿಸಬೇಕಾಗುತ್ತದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ವಿಷಯ ತಿಳಿದು ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದವರು ಕಾನೂನಿನಿಂದ ಪಾರಾದರೂ ಕಾಯಿಲೆಯಿಂದ ಪಾರಾಗುವುದಿಲ್ಲ. ವೈದ್ಯರು ಬದಲಿ ಔಷಧ ಸೂಚಿಸಿದರೆ ಅದರ ಹೆಸರನ್ನೂ ಅದೇ ಪಟ್ಟಿಯಲ್ಲಿ ಹುಡುಕಿ ನೋಡಬೇಕು. ಬದಲಿಯೂ ನಿಯಂತ್ರಿತವಾಗಿರುವ ಸಾಧ್ಯತೆಯಿದೆ.

ಅರಬ್ ಸಂಸ್ಥಾನಕ್ಕೆ ಇಂಥ ಔಷಧವನ್ನು ಸ್ವಂತ ಬಳಕೆಗಾಗಿ ಒಯ್ಯಲು ಅಲ್ಲಿನ ಆರೋಗ್ಯ ಆಡಳಿತಕ್ಕೆ ಅಂತರಜಾಲದ ಮೂಲಕ ಮುಂಚಿತವಾಗಿ ಅರ್ಜಿ ಸಲ್ಲಿಸುವ ವ್ಯವಸ್ಥೆಯಿದೆ. ವೈದ್ಯರ ಚೀಟಿ, ರೋಗದ ವಿವರವುಳ್ಳ ವೈದ್ಯಕೀಯ ವರದಿ ಮತ್ತು ಪಾಸ್‌ಪೋರ್ಟಿನ ಪ್ರತಿಯನ್ನು ಅರ್ಜಿಯೊಡನೆ ಲಗತ್ತಿಸಬೇಕು. ಅನುಮತಿ ದೊರೆತ ಮೇಲಷ್ಟೇ ಆ ಔಷಧವನ್ನು ಚೀಲಕ್ಕೆ ಸೇರಿಸಬೇಕು. ಅರ್ಜಿ ಸಲ್ಲಿಸಿದ ರಸೀದಿಯು ಅನುಮತಿಯಾಗುವುದಿಲ್ಲ. ಈ ಉದ್ಯಮಿ ಮರಳುವಾಗಲೂ ದುಬೈ ಮೂಲಕ ಹಾದುಬರುವುದರಿಂದ ಎರಡೂ ದಿನಾಂಕಗಳನ್ನು ಅರ್ಜಿಯಲ್ಲಿ ಕಾಣಿಸಿ, ದೊರೆತ ಪತ್ರವು ಎರಡಕ್ಕೂ ಅನ್ವಯಿಸುವುದೇ ಎಂದು ಓದಿ ಖಚಿತಪಡಿಸಿಕೊಳ್ಳಬೇಕು. ವಿಮಾನ ಬದಲಿಸಲು ಕೆಲವೇ ಗಂಟೆ ನಿಲ್ಲುವವರು ಆ ದೇಶದ ಕಾನೂನಿನಿಂದ ಹೊರತೆಂದು ಭಾವಿಸುವುದು ತಪ್ಪು.

ಚೀಟಿ ಹೇಗಿರಬೇಕು?

ಸ್ಥಳೀಯ ಔಷಧದಂಗಡಿಯವರಿಗೆ ಅರ್ಥವಾಗುವ ಚೀಟಿ ವಿದೇಶದ ಅಧಿಕಾರಿಗೆ ಅರ್ಥವಾಗುವುದಿಲ್ಲ. ಮೂರು ಕೊರತೆಗಳು ಸಾಮಾನ್ಯವಾಗಿ ಕಂಡುಬರುತ್ತವೆ.

ಮೊದಲನೆಯದು ಔಷಧದ ಹೆಸರು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಮಾತ್ರ ಇರುತ್ತದೆ; ಆ ಬ್ರ್ಯಾಂಡ್ ಭಾರತದ ಹೊರಗೆ ಯಾರಿಗೂ ತಿಳಿಯದು. ಚೀಟಿಯಲ್ಲಿ ಮೂಲ ಔಷಧದ ಹೆಸರು, ಅದರ ಮಿಲಿಗ್ರಾಂ ಪ್ರಮಾಣ, ದಿನಕ್ಕೆ ಎಷ್ಟು ಸಲ ಮತ್ತು ಎಷ್ಟು ದಿನಗಳಿಗೆ ಎಂಬುದು ಇಂಗ್ಲಿಷಿನಲ್ಲಿ, ಟೈಪು ಮಾಡಿದ ಅಕ್ಷರಗಳಲ್ಲಿ ಇರಬೇಕು. ಬ್ರ್ಯಾಂಡ್ ಹೆಸರನ್ನು ಪಕ್ಕದಲ್ಲಿ ಬರೆದರೆ ಸ್ಟ್ರಿಪ್ಪಿಗೂ ಚೀಟಿಗೂ ತಾಳೆಯಾಗುತ್ತದೆ.

ಎರಡನೆಯದು ರೋಗಿಯ ಹೆಸರು. ನಮ್ಮ ನಾಡಿನಲ್ಲಿ ಇನಿಷಿಯಲ್‌ಗಳ ರೂಢಿ ಇರುವುದರಿಂದ ಈ ತೊಡಕು ವಿಶೇಷವಾಗಿ ಎದುರಾಗುತ್ತದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎಲ್ಲವೂ ಬಿಡಿಸಿ ಅಚ್ಚಾಗಿರುತ್ತವೆ. ವೈದ್ಯರ ಚೀಟಿಯಲ್ಲಿ ಎರಡು ಇನಿಷಿಯಲ್ ಮತ್ತು ಕರೆಯುವ ಹೆಸರು ಮಾತ್ರ ಇರುತ್ತದೆ. ಇವೆರಡೂ ಒಬ್ಬರದೇ ಎಂದು ಹೊರದೇಶದ ಅಧಿಕಾರಿ ನಂಬಬೇಕಾದ ಕಾರಣವಿಲ್ಲ. ವೈದ್ಯರ ಬಳಿ ಹೋಗುವಾಗ ಪಾಸ್‌ಪೋರ್ಟಿನ ಪ್ರತಿಯನ್ನು ಒಯ್ದು, ಅದರಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಹೆಸರನ್ನು ಬರೆಸಿಕೊಳ್ಳಬೇಕು.

ಮೂರನೆಯದು ದಿನಾಂಕ. ವರ್ಷದ ಹಿಂದೆ ಬರೆದ ಚೀಟಿಯನ್ನೇ ತೋರಿಸಿ ಔಷಧ ಕೊಳ್ಳುವುದು ನಮ್ಮಲ್ಲಿ ರೂಢಿ. ಪ್ರಯಾಣಕ್ಕೆ ಮಾತ್ರ ಇತ್ತೀಚಿನ ಚೀಟಿಯೇ ಬೇಕು. ವೈದ್ಯರ ಸಹಿ, ಮೊಹರು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಮತ್ತು ದೂರವಾಣಿ ಸಂಖ್ಯೆ ಅದರಲ್ಲಿರಬೇಕು.

ಚೀಟಿಯ ಜೊತೆಗೆ ವೈದ್ಯರ ಲೆಟರ್‌ಹೆಡ್ಡಿನಲ್ಲಿ ಒಂದು ಪುಟದ ಪತ್ರವೂ ಇರಬೇಕು. ರೋಗಿಯ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಇರುವ ಕಾಯಿಲೆಗಳು, ಪ್ರವಾಸದ ಅವಧಿ, ಪ್ರತಿ ಔಷಧದ ಒಟ್ಟು ಸಂಖ್ಯೆ, ಇವು ಸ್ವಂತ ಬಳಕೆಗೆ ಮಾತ್ರ ಎಂಬ ಮಾತು ಇಷ್ಟನ್ನು ಆ ಪತ್ರ ಹೇಳಬೇಕು. ಇನ್ಸುಲಿನ್ ಪೆನ್ನು ಮತ್ತು ಸೂಜಿಗಳನ್ನು ವಿಮಾನದೊಳಗೆ ಜೊತೆಯಲ್ಲಿ ಇಟ್ಟುಕೊಳ್ಳುವುದು ಅಗತ್ಯವೆಂದು ಅದರಲ್ಲಿ ಸ್ಪಷ್ಟವಾಗಿ ಬರೆಸಬೇಕು. ಮೂಲಪ್ರತಿಯನ್ನು ಔಷಧಗಳೊಡನೆ, ಒಂದು ಪ್ರತಿಯನ್ನು ಪಾಸ್‌ಪೋರ್ಟಿನೊಡನೆ, ಇನ್ನೊಂದನ್ನು ಮನೆಯವರ ಬಳಿ ಇಟ್ಟು, ಮೊಬೈಲಿನಲ್ಲಿಯೂ ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಎಷ್ಟು ಒಯ್ಯಬೇಕು, ಹೇಗೆ ಕಟ್ಟಬೇಕು?

ಪ್ರವಾಸದ ದಿನಗಳಿಗೆ ಒಂದು ವಾರ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯ ಪದ್ಧತಿ. ವಿಮಾನ ರದ್ದಾದರೆ, ಖರೀದಿದಾರರ ಭೇಟಿ ಮುಂದೆ ಹೋದರೆ ಆ ವಾರ ನೆರವಿಗೆ ಬರುತ್ತದೆ. ಈ ಉದ್ಯಮಿಗೆ 23 ಮತ್ತು 7 ಸೇರಿ 30 ದಿನಗಳ ಔಷಧ ಬೇಕು. ಅಂದರೆ 60 ಮೆಟ್‌ಫಾರ್ಮಿನ್, 30 ಟೆಲ್ಮಿಸಾರ್ಟನ್, 30 ಪ್ರೀಗ್ಯಾಬಲಿನ್ ಕ್ಯಾಪ್ಸೂಲ್. ಅನುಮತಿ ಪತ್ರದಲ್ಲಿ ಕಾಣಿಸಿದ ಸಂಖ್ಯೆಗಿಂತ ನಿಯಂತ್ರಿತ ಔಷಧವು ಒಂದೂ ಹೆಚ್ಚಿರಕೂಡದು. ಆದುದರಿಂದ ಈ ಹೆಚ್ಚುವರಿ ವಾರವನ್ನು ಅರ್ಜಿಯಲ್ಲಿಯೇ ಸೇರಿಸಬೇಕು.

ಇನ್ಸುಲಿನ್ನಿನ ಲೆಕ್ಕ ಸ್ವಲ್ಪ ಬೇರೆ. ದಿನಕ್ಕೆ 20 ಯೂನಿಟ್ಟಿನಂತೆ 600 ಯೂನಿಟ್. ಪ್ರತಿ ಸಲ ಸೂಜಿ ಸರಿಯಾಗಿದೆಯೇ ಎಂದು ನೋಡಲು ಹೊರಬಿಡುವ 2 ಯೂನಿಟ್ಟುಗಳನ್ನು ಸೇರಿಸಿದರೆ 660. ಮೂರು ಮಿಲಿಲೀಟರಿನ ಸಾಮಾನ್ಯ ಪೆನ್ನಿನಲ್ಲಿ 300 ಯೂನಿಟ್ ಇರುವುದರಿಂದ ಎರಡು ಪೆನ್ನು ಸಾಲವು, ಮೂರು ಬೇಕು.

ಮಾತ್ರೆಗಳನ್ನು ಅಂಗಡಿಯಿಂದ ಪೂರ್ಣ ಸ್ಟ್ರಿಪ್ಪುಗಳಲ್ಲಿಯೇ, ಬಿಲ್ಲಿನೊಡನೆ ಕೊಳ್ಳಬೇಕು. ಬಿಡಿಯಾಗಿ ಕತ್ತರಿಸಿಕೊಟ್ಟ ತುಂಡುಗಳಲ್ಲಿ ಔಷಧದ ಹೆಸರೋ ಅವಧಿ ಮುಗಿಯುವ ದಿನಾಂಕವೋ ಹಾರಿಹೋಗಿರುತ್ತದೆ. ವಾರದ ದಿನಗಳ ಹೆಸರಿರುವ ಮಾತ್ರೆ ಡಬ್ಬಿ ಮನೆಯಲ್ಲಿ ಬಲು ಅನುಕೂಲವಾದುದು. ಆದರೆ ಗಡಿಯಲ್ಲಿ ಅದು ಹೆಸರಿಲ್ಲದ ಮಾತ್ರೆಗಳ ಗುಂಪು. ಖಾಲಿ ಡಬ್ಬಿಯನ್ನು ಒಯ್ದು, ಹೋಟೆಲು ಸೇರಿದ ಮೇಲೆ ತುಂಬಿಕೊಳ್ಳಬಹುದು.

ಎಲ್ಲ ಔಷಧಗಳೂ ವಿಮಾನದೊಳಗೆ ಒಯ್ಯುವ ಕೈಚೀಲದಲ್ಲಿಯೇ ಇರಬೇಕು. ಸರಕಿನ ಕೋಣೆಗೆ ಹೋದ ಪೆಟ್ಟಿಗೆ ಕಳೆದುಹೋಗಬಹುದು ಅಥವಾ ಎರಡು ದಿನ ತಡವಾಗಿ ಬರಬಹುದು. ಇನ್ಸುಲಿನ್ನಿಗೆ ಅಲ್ಲಿನ ಶೀತವೂ ಶತ್ರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಅದನ್ನು ಬಳಸಕೂಡದು. ಮಂಜುಗಡ್ಡೆಯ ಪ್ಯಾಕಿಗೆ ನೇರವಾಗಿ ತಾಗಿಸಿಟ್ಟರೂ ಇದೇ ಅಪಾಯವಿದೆ. ಬಳಕೆಯಲ್ಲಿರುವ ಪೆನ್ನು 30 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಶಾಖದಲ್ಲಿ ಸುಮಾರು ನಾಲ್ಕು ವಾರ ಕೆಡದೆ ಉಳಿಯುತ್ತದೆ. ವಿಮಾನದೊಳಗಿನ ಹವೆಗೆ ಅದು ಹೆದರಬೇಕಾಗಿಲ್ಲ.

ವಿಮಾನ ತುಂಬಿದಾಗ ಸಿಬ್ಬಂದಿಯು ಚಕ್ರದ ಕೈಪೆಟ್ಟಿಗೆಗಳನ್ನು ಬಾಗಿಲಲ್ಲಿಯೇ ಪಡೆದು ಕೆಳಗಿನ ಸರಕಿನ ಕೋಣೆಗೆ ಕಳುಹಿಸುವುದುಂಟು. ಅವಸರದಲ್ಲಿ ಇನ್ಸುಲಿನ್ನೂ ಅದರೊಡನೆ ಹೋಗಿಬಿಡುತ್ತದೆ. ಆದುದರಿಂದ ಔಷಧಗಳನ್ನೂ ಪತ್ರಗಳನ್ನೂ ಒಂದು ಪ್ರತ್ಯೇಕ ಸಣ್ಣ ಚೀಲದಲ್ಲಿಟ್ಟು, ಒಂದೇ ಎಳೆತಕ್ಕೆ ಹೊರಗೆ ಬರುವಂತೆ ಮೇಲೆಯೇ ಇರಿಸಬೇಕು. ಭದ್ರತಾ ತಪಾಸಣೆಯಲ್ಲಿಯೂ ಇದೇ ಚೀಲವನ್ನು ತೆಗೆದು ತೋರಿಸಿದರೆ ಸಾಕು. ದ್ರವಪದಾರ್ಥಗಳಿಗೆ ವಿಧಿಸುವ 100 ಮಿಲಿಲೀಟರಿನ ಮಿತಿಯಿಂದ ಪ್ರಯಾಣಕ್ಕೆ ಅಗತ್ಯವಾದ ಔಷಧಗಳಿಗೆ ವಿನಾಯಿತಿಯಿದೆ. ಆದರೆ ಕೇಳುವ ಮೊದಲೇ ಅವನ್ನು ತೋರಿಸಬೇಕು.

ಮಾದರಿಯ ಮೆಣಸಿನಪುಡಿ ಪೊಟ್ಟಣಗಳನ್ನು ಈ ಚೀಲದ ಹತ್ತಿರಕ್ಕೂ ತರಬಾರದು. ವ್ಯಾಪಾರದ ಮಾದರಿಗೆ ಒಂದು ಕಾನೂನು, ಸ್ವಂತ ಔಷಧಕ್ಕೆ ಇನ್ನೊಂದು. ಹಾಗೆಯೇ ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ತಿಂಡಿ, ಮಸಾಲೆಗಳಲ್ಲಿ ಗಸಗಸೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅರಬ್ ಸಂಸ್ಥಾನದಲ್ಲಿ ಗಸಗಸೆಗೆ ನಿಷೇಧವಿದೆ.

ದೀರ್ಘ ಹಾರಾಟದಲ್ಲಿ ಇನ್ಸುಲಿನ್ ವೇಳೆ

ಈ ಉದ್ಯಮಿ ಮನೆಯಲ್ಲಿ ರಾತ್ರಿ 9 ಗಂಟೆಗೆ ಗ್ಲಾರ್ಜಿನ್ ಚುಚ್ಚಿಕೊಳ್ಳುತ್ತಾರೆ. ದುಬೈ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7.30ಕ್ಕೆ ಚುಚ್ಚಿಕೊಂಡರೆ ಅಂತರ ಬದಲಾಗುವುದಿಲ್ಲ. ತೊಡಕು ಹುಟ್ಟುವುದು ನ್ಯೂಯಾರ್ಕಿನ ಹಾದಿಯಲ್ಲಿ. ಚಳಿಗಾಲದಲ್ಲಿ ಆ ನಗರ ದುಬೈಗಿಂತ 9 ಗಂಟೆ, ಭಾರತಕ್ಕಿಂತ 10 ಗಂಟೆ 30 ನಿಮಿಷ ಹಿಂದಿರುತ್ತದೆ. ಹಾರಾಟವೇ ಸುಮಾರು 14 ಗಂಟೆಗಳದ್ದು.

ದುಬೈನಲ್ಲಿ ಹಿಂದಿನ ಸಂಜೆ 7.30ಕ್ಕೆ ಇನ್ಸುಲಿನ್ ತೆಗೆದುಕೊಂಡವರು, ಊರಿನ ಅಭ್ಯಾಸದಂತೆ ನ್ಯೂಯಾರ್ಕಿನ ರಾತ್ರಿ 9ರವರೆಗೆ ಕಾಯುತ್ತಾರೆ ಎನ್ನಬಹುದು. ಆಗ ಎರಡು ಚುಚ್ಚುಮದ್ದುಗಳ ನಡುವೆ 34 ಗಂಟೆ 30 ನಿಮಿಷ ಕಳೆದಿರುತ್ತದೆ. ಗ್ಲಾರ್ಜಿನ್ನಿನ ಪ್ರಭಾವ ಸುಮಾರು 24 ಗಂಟೆಗಳದ್ದು. ಉಳಿದ ಹತ್ತು ಗಂಟೆ ಸಕ್ಕರೆ ಏರುತ್ತ ಹೋಗುತ್ತದೆ. ಮರಳುವಾಗ ಇದರ ವಿರುದ್ಧ. ನ್ಯೂಯಾರ್ಕಿನ ರಾತ್ರಿ 9 ಎಂದರೆ ಭಾರತದಲ್ಲಿ ಮರುದಿನ ಬೆಳಿಗ್ಗೆ 7.30. ಅದೇ ರಾತ್ರಿ ಭಾರತದ 9 ಗಂಟೆಗೆ ಮತ್ತೆ ಚುಚ್ಚಿಕೊಂಡರೆ ಅಂತರ ಹದಿಮೂರೂವರೆ ಗಂಟೆ ಮಾತ್ರ. ಎರಡು ದಿನದ ಇನ್ಸುಲಿನ್ ಒಂದರ ಮೇಲೊಂದು ಕೂಡಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು.

ಇದಕ್ಕೆ ವೈದ್ಯರು ರೋಗಿಯನ್ನು ನೋಡಿ ದಾರಿ ಹೇಳುತ್ತಾರೆ. 24 ಗಂಟೆಯ ಅಂತರವನ್ನೇ ಕಾಯ್ದುಕೊಂಡು ಮುಂದಿನ ದಿನಗಳಲ್ಲಿ ವೇಳೆಯನ್ನು ಸ್ವಲ್ಪಸ್ವಲ್ಪವಾಗಿ ಸರಿಸುವುದು ಒಂದು ಮಾರ್ಗ. ಪ್ರಯಾಣದ ದಿನ ಪ್ರಮಾಣವನ್ನು ಬದಲಿಸುವುದು ಇನ್ನೊಂದು. ಯಾವುದಾದರೂ ಸರಿ, ವಿಮಾನದ ವೇಳಾಪಟ್ಟಿಯನ್ನು ವೈದ್ಯರ ಮುಂದಿಟ್ಟು ಹೋಗುವ ಮತ್ತು ಬರುವ ಎರಡು ದಿನಗಳ ಗಂಟೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಒಂದು ಕೈಗಡಿಯಾರವನ್ನು ಭಾರತದ ವೇಳೆಯಲ್ಲಿಯೇ ಬಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಊಟಕ್ಕೆ ಮೊದಲು ಬೇಗ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಳ್ಳುವವರು, ಊಟದ ಗಾಡಿ ಹೊರಟಿತೆಂದು ಚುಚ್ಚಿಕೊಳ್ಳದೆ ತಟ್ಟೆ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಬೇಕು. ವಿಮಾನ ಕುಲುಕಿದರೆ ಊಟ ಬಡಿಸುವುದನ್ನು ನಡುವೆಯೇ ನಿಲ್ಲಿಸಿಬಿಡುತ್ತಾರೆ. ಸಕ್ಕರೆ ಅಂಶದ ಬಿಸ್ಕತ್ತು ಅಥವಾ ಗ್ಲೂಕೋಸ್ ಕೈಗೆಟಕುವಂತಿರಬೇಕು.

ಸುಂಕದ ಕಟ್ಟೆಯಲ್ಲಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ನಮ್ಮಲ್ಲಿದೆ. ನೋವು ಎಷ್ಟಿತ್ತೆಂಬ ವಿವರಣೆ ಅಲ್ಲಿ ನಡೆಯುವುದಿಲ್ಲ, ಕಾಗದ ನಡೆಯುತ್ತದೆ. ನಿಯಂತ್ರಿತ ಔಷಧವಿರುವವರು ದುಬೈನಲ್ಲಿ ಇಳಿದಾಗ ಘೋಷಿಸಬೇಕಾದ ಸರಕುಳ್ಳವರ ಕೆಂಪು ದ್ವಾರದತ್ತ ತಾವಾಗಿಯೇ ಹೋಗಿ, ಔಷಧ, ಚೀಟಿ, ಪತ್ರ ಮತ್ತು ಅನುಮತಿಯನ್ನು ಒಟ್ಟಿಗೆ ಮುಂದಿಡಬೇಕು. ಅಧಿಕಾರಿ ನೋಡುವುದು ನಾಲ್ಕು ತಾಳೆಗಳನ್ನು: ಪಾಸ್‌ಪೋರ್ಟಿನ ಹೆಸರಿಗೂ ಚೀಟಿಯ ಹೆಸರಿಗೂ, ಚೀಟಿಯ ಔಷಧಕ್ಕೂ ಸ್ಟ್ರಿಪ್ಪಿನ ಔಷಧಕ್ಕೂ, ಅನುಮತಿಯ ಸಂಖ್ಯೆಗೂ ಚೀಲದಲ್ಲಿರುವ ಸಂಖ್ಯೆಗೂ, ಅನುಮತಿಯ ಅವಧಿಗೂ ಪ್ರವಾಸದ ದಿನಾಂಕಕ್ಕೂ. ನಾಲ್ಕೂ ಕೂಡಿದರೆ ಮಾತಿಗೆ ಕೆಲಸವಿಲ್ಲ. ತಪ್ಪು ಸಂಭವಿಸಿ ತಡೆಹಿಡಿದರೆ, ಅರ್ಥವಾಗದ ಭಾಷೆಯ ಹೇಳಿಕೆಗೆ ಸಹಿ ಮಾಡದೆ ಅನುವಾದಕರನ್ನು ಕೋರಿ, ಭಾರತೀಯ ದೂತಾವಾಸಕ್ಕೆ ತಿಳಿಸುವಂತೆ ಕೇಳಬೇಕು.

ಅಮೆರಿಕದಲ್ಲಿಯೂ ಔಷಧಗಳಿವೆಯೆಂದು ಹೇಳುವುದು ಪ್ರಯಾಣಿಕನ ಕರ್ತವ್ಯ. ವಿದೇಶಿ ಪ್ರವಾಸಿಗಳು ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಿಗಾಗುವಷ್ಟು ಔಷಧವನ್ನು, ಅದರ ಮೂಲ ಪ್ಯಾಕಿಂಗಿನಲ್ಲಿ, ಇಂಗ್ಲಿಷಿನ ಚೀಟಿ ಅಥವಾ ಪತ್ರದೊಡನೆ ತರಬಹುದೆಂಬುದು ಅಲ್ಲಿನ ಔಷಧ ಆಡಳಿತದ ಮಾರ್ಗದರ್ಶನ. ದುಬೈಗೆಂದು ಸಿದ್ಧಪಡಿಸಿದ ಪತ್ರವೇ ಇಲ್ಲಿಗೂ ಸಾಲುತ್ತದೆ. ಹೆಸರು, ಘಟಕಗಳ ವಿವರವಿಲ್ಲದ ಪುಡಿ, ಭಸ್ಮ, ಗುಳಿಗೆಗಳ ಪೊಟ್ಟಣಗಳು ಮಾತ್ರ ಯಾವ ಪತ್ರದಿಂದಲೂ ಸಮರ್ಥನೆಗೊಳ್ಳವು.

ಕೊನೆಯದಾಗಿ, ಈ ಎಲ್ಲ ವಿನಾಯಿತಿಗಳೂ ಪ್ರಯಾಣಿಕನ ಸ್ವಂತ ಬಳಕೆಯ ಔಷಧಕ್ಕೆ ಮಾತ್ರ. ಮೇಳಕ್ಕೆ ಹೊರಟವರ ಕೈಗೆ, ದುಬೈನಲ್ಲಿರುವ ಬಂಧುಗಳ ಮನೆಯ ಹಿರಿಯರಿಗೆಂದು ಮೂರು ತಿಂಗಳ ಮಾತ್ರೆಗಳ ಕಟ್ಟೊಂದು ಬಂದು ಸೇರುವುದು ಅಪರೂಪವಲ್ಲ. ಅದರೊಳಗೇನಿದೆಯೆಂದು ಒಯ್ಯುವವರಿಗೆ ತಿಳಿದಿರುವುದಿಲ್ಲ, ಚೀಟಿ ಇನ್ನೊಬ್ಬರ ಹೆಸರಿನದು, ಹೊಣೆ ಮಾತ್ರ ಚೀಲದ ಒಡೆಯರದು. ಸಂಕೋಚವಾದರೂ ಅದನ್ನು ನಯವಾಗಿ ಹಿಂದಿರುಗಿಸಿ, ಬಂಧುಗಳು ಅಲ್ಲಿನ ವೈದ್ಯರ ಮೂಲಕವೇ ಔಷಧ ಪಡೆಯುವಂತೆ ತಿಳಿಸಬೇಕು.

ಬ್ಯಾಡಗಿಯ ಉದ್ಯಮಿಯ ಚೀಲ ಹೊರಡುವ ದಿನ ಹೀಗಿರುತ್ತದೆ: ನಾಲ್ಕು ಔಷಧಗಳು, ಬರಿಯ ಪ್ಯಾರಾಸಿಟಮಾಲಿನ ಒಂದು ಸ್ಟ್ರಿಪ್, ಸೂಜಿಗಳು, ಚೀಟಿ, ಪತ್ರ, ಅನುಮತಿ ಮತ್ತು ಇನ್ಸುಲಿನ್ ವೇಳೆಯ ಒಂದು ಹಾಳೆ. ಟ್ರಮಡಾಲ್ ಮತ್ತು ಆಲ್‌ಪ್ರಜೋಲಾಮ್ ಮನೆಯ ಕಪಾಟಿನಲ್ಲಿಯೇ ಉಳಿದಿವೆ. ವೈದ್ಯರ ಭೇಟಿಗೆ ಆರು ವಾರ ಮೊದಲು, ಅನುಮತಿಯ ಅರ್ಜಿಗೆ ನಾಲ್ಕು ವಾರ ಮೊದಲು, ಔಷಧ ಖರೀದಿ ಮತ್ತು ಸಂಖ್ಯೆಗಳ ತಾಳೆಗೆ ಒಂದು ವಾರ ಮೊದಲು ಎಂಬ ಮೂರು ದಿನಾಂಕಗಳನ್ನು ಮೇಳದ ಮಳಿಗೆ ಕಾಯ್ದಿರಿಸಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಈ ಕೆಲಸಕ್ಕೆ ಅವಸರವೇ ಬೀಳುವುದಿಲ್ಲ.